ಬೇಸಿಗೇಲಿ ಹಾಲು ಇಳಿದ್ರೆ ಹಿಂಡಿ ಬದಲಿಸೋ ಮುಂಚೆ ಹಸು ಕುಡಿಯೋ ನೀರು ಅಳೀರಿ

ಫೆಬ್ರವರಿ ಬಂತು ಅಂದ್ರೆ ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆ ಎಲ್ಲಾ ಮನೇಲೂ ಒಂದೇ ಮಾತು, ಡೈರಿಗೆ ಹಾಕೋ ಹಾಲು ಇಳೀತು ಅಂತ. ಹೆಚ್ಚಿನೋರು ಮೊದ್ಲು ಹಿಂಡಿ ಬದಲಿಸ್ತಾರೆ, ಆಮೇಲೆ ಕ್ಯಾಲ್ಸಿಯಂ ಬಾಟ್ಲಿ ತರ್ತಾರೆ, ಅದೂ ಆಗ್ಲಿಲ್ಲ ಅಂದ್ರೆ ಜಂತುಹುಳದ ಔಷಧಿ ಹಾಕಿಸ್ತಾರೆ. ಆದ್ರೆ ಹಸು ದಿನಕ್ಕೆ ಎಷ್ಟು ಲೀಟರ್ ನೀರು ಕುಡೀತು ಅಂತ ಕೇಳಿದ್ರೆ ಯಾರ ಹತ್ರಾನೂ ಲೆಕ್ಕ ಇರಲ್ಲ. ಹಾಲಲ್ಲಿ ನೂರಕ್ಕೆ 87 ಭಾಗ ನೀರೇ ಇರೋದು, ನೀರು ಕಮ್ಮಿ ಆದ್ರೆ ಹಸು ಮೇವೂ ಕಮ್ಮಿ ಮಾಡ್ತದೆ, ಅಲ್ಲಿಂದ ಹಾಲು ಇಳಿಯೋಕೆ ಎರಡು ಮೂರು ದಿನ ಸಾಕು. ಅದ್ಕೇ ಇಲ್ಲಿ ಒಂದೇ ದೋಷ ಹಿಡ್ಕೊಂಡು ಕೊನೇತನಕ ಹೋಗ್ತೀನಿ, ಗುಡ್ಡದಿಂದ ಹರಿದು ಬರೋ ಅಬ್ಬಿ ನೀರು ಬತ್ತಿ ಬೋರ್ ನೀರಿಗೆ ಬದಲಾದ ಮೇಲೆ ಹಾಲು ಇಳಿಯೋದು. ನಮ್ಮ ಜಂಬಿಟ್ಟಿಗೆ ಮಣ್ಣಿನ ಕಡೆ ಇದು ತುಂಬಾ ಸಾಮಾನ್ಯ, ಮತ್ತೆ ಕಣ್ಣಿಗೆ ಕಾಣಲ್ಲ.

ಎಷ್ಟು ಕುಡೀಬೇಕಿತ್ತು ಅಂತ ಮೊದ್ಲು ಲೆಕ್ಕ

ಹೊಸನಗರ ಹತ್ರದ ಪರಿಚಯದೋರ ಮನೆ ಕೊಟ್ಟಿಗೆ ಇದು. ಜೆರ್ಸಿ ಕ್ರಾಸ್ ಹಸು, ಎರಡನೇ ಕರು, ತೂಕ ಅಂದಾಜು 350 ಕೆ.ಜಿ, ನವೆಂಬರ್ ಕೊನೇಲಿ ಕರು ಹಾಕಿತ್ತು. ಎರಡು ಹೊತ್ತು ಸೇರಿ 11 ಲೀಟರ್ ಕೊಡ್ತಿದ್ದದ್ದು ಫೆಬ್ರವರೀಲಿ ಎರಡು ವಾರದೊಳಗೆ 8 ಲೀಟರಿಗೆ ಇಳೀತು. ಕರು ಹಾಕಿ ಎರಡು ತಿಂಗಳು ಕಳೆದ್ಮೇಲೆ ಹಾಲು ತಾನಾಗೇ ತಿಂಗಳಿಗೆ ನೂರಕ್ಕೆ ಏಳರಿಂದ ಹತ್ತು ಭಾಗ ಇಳಿಯೋದು ಸಹಜ, ಅಂದ್ರೆ 11 ಇದ್ದದ್ದು ತಿಂಗಳು ಬಿಟ್ಟು 10 ಆಗಿದ್ರೆ ಯಾರೂ ತಲೆ ಕೆಡಿಸ್ಕೊಬೇಕಿಲ್ಲ, ಎರಡು ವಾರಕ್ಕೆ 3 ಲೀಟರ್ ಹೋಯ್ತು ಅಂದ್ರೆ ಏನೋ ಆಗಿದೆ ಅಂತಾನೇ ಅರ್ಥ.

ಈಗ ಲೆಕ್ಕ ಹಾಕೋ ರೀತಿ. ಹಸು ತಿನ್ನೋ ಮೇವಲ್ಲಿ ನೀರಿನ ಅಂಶ ಕಳೆದು ಉಳಿಯೋ ಒಣ ತೂಕ ಇದ್ಯಲ್ಲ, ಅದರ ಪ್ರತಿ ಕೆ.ಜಿ.ಗೆ ಮೂರೂವರೆಯಿಂದ ಐದೂವರೆ ಲೀಟರ್ ನೀರು ಬೇಕು, ಬೇಸಿಗೇಲಿ ಐದು ಅಂತ ಹಿಡ್ಕೊಳ್ಳಿ. ಆ ಹಸು ದಿನಕ್ಕೆ 5 ಕೆ.ಜಿ ಒಣ ಹುಲ್ಲು, 10 ಕೆ.ಜಿ ಹಸಿ ಹುಲ್ಲು, 5 ಕೆ.ಜಿ ಹಿಂಡಿ ಬೂಸಾ ತಿಂತಿತ್ತು. ಒಣ ಹುಲ್ಲು, ಹಿಂಡಿಯಲ್ಲಿ ಹತ್ತನೇ ಒಂದು ಭಾಗ ನೀರು, ಹಸಿ ಹುಲ್ಲಲ್ಲಿ ಐದರಲ್ಲಿ ನಾಲ್ಕು ಭಾಗ ನೀರು. ಹಾಗಾಗಿ ಒಟ್ಟು ಒಣ ತೂಕ 11 ಕೆ.ಜಿ, ಬೇಕಾದ ನೀರು 55 ಲೀಟರ್, ಅದ್ರಲ್ಲಿ ಮೇವಿಂದಾನೇ 9 ಲೀಟರ್ ಸಿಕ್ತದೆ, ಉಳಿದ 46 ಲೀಟರ್ ಬಾನಿಯಿಂದ ಕುಡೀಬೇಕು. ಸೆಕೆ ಜೋರಿದ್ದ ದಿನ 50 ದಾಟಬೇಕು.

ಇದೇ ಹಸು ಜುಲೈನಲ್ಲಿ 40 ಕೆ.ಜಿ ಹಸಿ ಹುಲ್ಲು ತಿಂದ್ರೆ ಹುಲ್ಲಿಂದಾನೇ 32 ಲೀಟರ್ ಹೋಗ್ತದೆ, ಆವಾಗ ಬಕೆಟಲ್ಲಿ 20 ಲೀಟರ್ ಕುಡಿದ್ರೂ ಗಾಬರಿ ಬೇಡ. ಅದ್ಕೇ ಮಳೆಗಾಲದ ಅಭ್ಯಾಸದಲ್ಲಿ ಬೆಳಿಗ್ಗೆ ಎರಡು ಬಕೆಟ್, ಸಂಜೆ ಎರಡು ಬಕೆಟ್ ಇಟ್ಟು ಸಾಕು ಅನ್ಕೊಳ್ಳೋರಿಗೆ ಬೇಸಿಗೇಲಿ ಏಟು ಬೀಳೋದು, ಮೇವು ಒಣಗಿದೆ, ಆದ್ರೆ ಬಕೆಟ್ ಲೆಕ್ಕ ಹಾಗೇ ಉಳಿದಿದೆ.

ಬೇರೆ ಪ್ರಾಣಿಗಳದ್ದು ಅಂದಾಜಿಗೆ ಹೇಳ್ತೀನಿ, ಹಾಲು ಕೊಡೋ ಎಮ್ಮೆಗೆ 60 ರಿಂದ 80 ಲೀಟರ್, ಮಲೆನಾಡು ಗಿಡ್ಡಕ್ಕೆ 15 ರಿಂದ 20, ಹಾಲಿನ ಆಡಿಗೆ 5 ರ ಆಸುಪಾಸು, ಮೊಟ್ಟೆ ಕೋಳಿಗೆ ಕಾಲು ಲೀಟರ್. ಎಲ್ಲಾನೂ ಹವೆ, ಮೇವು ನೋಡ್ಕೊಂಡು ಮೇಲೆ ಕೆಳಗೆ ಆಗ್ತದೆ.

ನಿಜವಾಗಿ ಎಷ್ಟು ಕುಡಿತಿದೆ ಅಂತ ಅಳೆಯೋದು

ಆ ಮನೇಲಿ ಕೇಳಿದಾಗ ಅಮ್ಮ ಹೇಳಿದ್ದು, "ಕುಡಿತದಲ್ಲ, ಬಾನಿ ಪೂರ್ತಿ ಖಾಲಿ ಮಾಡ್ತದೆ." ಅದು ಸುಳ್ಳಲ್ಲ, ಆದ್ರೆ ಬಾನೀಲಿ ಇದ್ದದ್ದು ಕಲಗಚ್ಚು. ಅಕ್ಕಿ ತೊಳೆದ ನೀರು, ಅನ್ನದ ಗಂಜಿ, ಹಿಂಡಿ ಎಲ್ಲಾ ಸೇರಿದ್ಮೇಲೆ ನೀರಿನ ರುಚಿ ಮುಚ್ಚಿ ಹೋಗ್ತದೆ, ಹಸು ಹಿಂಡಿ ಆಸೆಗೆ ಕುಡಿತದೆ. ಬರೀ ನೀರು ಇಟ್ಟಾಗ ಏನು ಮಾಡ್ತದೆ ಅನ್ನೋದೇ ನಮಗೆ ಬೇಕಾದ ಪ್ರಶ್ನೆ.

ಹಾಗಾಗಿ ಎರಡು ದಿನ ಕಲಗಚ್ಚಿಗೆ ಎಷ್ಟು ನೀರು ಹಾಕಿದ್ರಿ ಅಂತ ಒಂದು ಕಡೆ ಬರೀರಿ, ಬರೀ ನೀರು ಎಷ್ಟು ಇಟ್ರಿ ಎಷ್ಟು ಉಳೀತು ಅಂತ ಇನ್ನೊಂದು ಕಡೆ ಬರೀರಿ. ಬಕೆಟ್ ಮೇಲೆ ಲೀಟರ್ ಗೆರೆ ಇಲ್ಲ ಅಂದ್ರೆ ಒಂದು ಲೀಟರ್ ಬಾಟ್ಲಿಯಿಂದ ತುಂಬಿಸಿ ಪೇಂಟಲ್ಲಿ ಗೆರೆ ಹಾಕ್ಕೊಳ್ಳಿ. ಹಾಲು ಕರೆದ ಮೇಲಿನ ಒಂದು ಗಂಟೆ ತುಂಬಾ ಮುಖ್ಯ, ದಿನದ ನೀರಲ್ಲಿ ದೊಡ್ಡ ಪಾಲು ಹಸು ಆವಾಗ್ಲೇ ಕುಡಿಯೋದು, ಆ ಹೊತ್ತಲ್ಲಿ ಬಕೆಟ್ ಖಾಲಿ ಇರಬಾರದು. ಆ ಮನೇಲಿ ಕಲಗಚ್ಚಲ್ಲಿ 20 ಲೀಟರ್, ಬರೀ ನೀರು 13 ಲೀಟರ್, ಒಟ್ಟು 33 ಬಂತು. ಬೇಕಿದ್ದದ್ದು 46, ಅಂದ್ರೆ 13 ಲೀಟರ್ ಕೊರತೆ, ಮತ್ತೆ ಬಕೆಟಲ್ಲಿ ನೀರು ಉಳಿದಿತ್ತು. ನೀರು ಇಡದೇ ಇರೋದು ಬೇರೆ ದೋಷ, ನೀರಿದ್ದೂ ಬಿಡೋದು ಬೇರೆ ದೋಷ, ಇಲ್ಲಿ ಎರಡನೇದು.

ಇಲ್ಲೇ ಒಂದು ಮುಖ್ಯ ಗೊಂದಲ ಬಗೆಹರೀತದೆ. ಸೆಕೆಗೂ ಹಾಲು ಇಳೀತದೆ, ಎಲ್ರೂ ಹೇಳೋದು ಅದನ್ನೇ. ಆದ್ರೆ ಸೆಕೆಯಿಂದ ಇಳಿದ್ರೆ ಹಸು ನೀರು ಜಾಸ್ತಿ ಕುಡಿತದೆ, ಮಧ್ಯಾಹ್ನ ಏದುಸಿರು ಬಿಡ್ತದೆ, ಜೊಲ್ಲು ಸುರಿಸ್ತದೆ. ನೀರಿನ ದೋಷಕ್ಕೆ ಇಳಿದ್ರೆ ಸೆಕೆ ಇದ್ರೂ ಕುಡಿಯೋದು ಕಮ್ಮಿ ಇರ್ತದೆ. ಡೈರಿ ಚೀಟಿನೂ ನೋಡಿ, ನೀರು ಮಾತ್ರ ಕಮ್ಮಿ ಆದಾಗ ಲೀಟರ್ ಇಳೀತದೆ, ಫ್ಯಾಟು ಮತ್ತೆ ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ ಅಂದ್ರೆ ಎಸ್‌ಎನ್‌ಎಫ್ ಹಾಗೇ ನಿಲ್ತದೆ ಇಲ್ಲಾ ಸ್ವಲ್ಪ ಏರ್ತದೆ. ಹಿಂಡಿ ಕಮ್ಮಿಯಾಗಿ ಶಕ್ತಿ ಸಾಲದೇ ಇದ್ರೆ ಎಸ್‌ಎನ್‌ಎಫ್ ಕೂಡ ಕೆಳಗೆ ಬರ್ತದೆ. ಒಂದೇ ಮೊಲೆಯಿಂದ ಹಾಲು ಕಮ್ಮಿ, ಒಡೆದ ಹಾಗೆ, ಉಪ್ಪುಪ್ಪು ಇದ್ರೆ ಅದು ಕೆಚ್ಚಲು ಬಾವು, ಡಾಕ್ಟರ್ ಕರೀರಿ, ನೀರಿನ ವಿಚಾರ ಆಮೇಲೆ. ಆ ಹಸು ಸಗಣಿ ಗಟ್ಟಿಯಾಗಿತ್ತು, ಗಂಜಲ ಕಡು ಹಳದಿ, ಫ್ಯಾಟು ಎಸ್‌ಎನ್‌ಎಫ್ ಬದಲಾಗಿರಲಿಲ್ಲ, ಮೇಯೋಕೆ ಬಿಟ್ರೆ ತೋಟದ ಸಾಲುಗಳ ನಡುವಿನ ಕಪ್ಪು ಅನ್ನೋ ಕಾಲುವೇಲಿ ನಿಂತ ಕೊಳೆ ನೀರಿಗೆ ಓಡ್ತಿತ್ತು. ಬಾನೀಲಿ ತಿಳಿ ನೀರಿದ್ದೂ ಹಸು ಕಪ್ಪಿನ ನೀರು ಹುಡುಕ್ತದೆ ಅಂದ್ರೆ ಬಾನಿ ನೀರನ್ನ ಅನುಮಾನಿಸಲೇಬೇಕು.

ನೀರಿಗಿಂತ ಮುಂಚೆ ಪೈಪು, ತೊಟ್ಟಿ

ಆಟೊಮ್ಯಾಟಿಕ್ ಬಟ್ಟಲು ಹಾಕಿರೋ ಕೊಟ್ಟಿಗೆ ಆದ್ರೆ ನಾಜಲ್ ಒತ್ತಿ 10 ಲೀಟರ್ ಬಕೆಟ್ ತುಂಬೋಕೆ ಎಷ್ಟು ಹೊತ್ತು ಬೇಕು ನೋಡಿ. ಒಂದು ನಿಮಿಷಕ್ಕಿಂತ ತುಂಬಾ ಜಾಸ್ತಿ ಆದ್ರೆ ಹಸು ಬೇಸತ್ತು ಬಿಡ್ತದೆ, ಒಂದೇ ಲೈನಲ್ಲಿ ನಾಲ್ಕು ಹಸು ಇದ್ರೆ ಕೊನೇ ಹಸುಗೆ ಏನೂ ಉಳಿಯಲ್ಲ. ಕಬ್ಬಿಣದ ನೀರಿದ್ದ ಕಡೆ ಈ ನಾಜಲ್ ಒಳಗೆ ಕಂದು ಲೋಳೆ ಕಟ್ಟಿ ಅರ್ಧ ಮುಚ್ಚಿರ್ತದೆ, ಬಿಚ್ಚಿ ಬೆರಳು ಹಾಕಿದ್ರೆ ಗೊತ್ತಾಗ್ತದೆ. ಕಪ್ಪು ಸಿಂಟೆಕ್ಸ್ ಬಿಸಿಲಲ್ಲಿದ್ರೆ ಮಧ್ಯಾಹ್ನದ ನೀರು ಕೈಗೇ ಬಿಸಿ ಹತ್ತುತ್ತದೆ, ಅದಕ್ಕೆ ಮೇಲೊಂದು ಸೋಗೆ ಚಪ್ಪರ ಹಾಕಿದ್ರೆ ಸಾಕು.

ಇನ್ನೊಂದು, ಹಸು ಬಾಯಾರಿಕೇಲಿ ಬರ್ತದೆ, ಮೂತಿ ನೀರಿಗೆ ಮುಟ್ಟಿಸ್ತದೆ, ಥಟ್ಟಂತ ಹಿಂದೆ ಸರೀತದೆ, ಮತ್ತೆ ಬರ್ತದೆ, ಮತ್ತೆ ಸರೀತದೆ. ಇದು ರುಚಿ ಸಮಸ್ಯೆ ಅಲ್ದೇ ಇರಬಹುದು, ಪಂಪ್‌ಸೆಟ್ ಅರ್ಥಿಂಗ್ ಸರಿ ಇಲ್ದೇ ಕಬ್ಬಿಣದ ಪೈಪಲ್ಲಿ ಸಣ್ಣ ಕರೆಂಟ್ ಹರಿತಿದ್ರೂ ಹೀಗೇ ಮಾಡ್ತದೆ. ನಮ್ಮ ಕಾಲಿಗೆ ಚಪ್ಪಲಿ ಇರೋದ್ರಿಂದ ನಮಗೆ ತಾಗಲ್ಲ. ಮೋಟಾರ್ ಸ್ವಿಚ್ ಮುಟ್ಟೋ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಟ್ಟು ನೋಡ್ಸಿ.

ಎರಡು ಬಕೆಟ್ ಪರೀಕ್ಷೆ

ಪೈಪು ಸರಿ ಇದೆ, ನೀರಿದೆ, ಆದ್ರೂ ಕುಡಿತಿಲ್ಲ ಅಂದ್ರೆ ಹಸುನ್ನೇ ಕೇಳೋದು ಒಳ್ಳೇದು. ಸಂಜೆ ಹಾಲು ಕರೆದ ಕೂಡ್ಲೇ ಒಂದೇ ಥರದ ಎರಡು ಬಕೆಟಲ್ಲಿ 15-15 ಲೀಟರ್ ಇಡಿ, ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಪಕ್ಕದ ಮನೆ ತೆರೆದ ಬಾವಿ ನೀರು, ಅದೂ ಹಸು ಮುಂಚೆ ಕುಡಿದು ಗೊತ್ತಿರೋ ಒಳ್ಳೆ ನೀರು ಆಗಿರಬೇಕು. ಮಾರನೇ ದಿನ ಬಕೆಟ್ ಎಡ ಬಲ ಬದಲಿಸಿ, ಕೆಲವು ಹಸುಗಳಿಗೆ ಒಂದೇ ಬದಿ ರೂಢಿ ಇರ್ತದೆ.

ಇದ್ರಲ್ಲಿ ಎಲ್ರೂ ತಪ್ಪೋದು ಒಂದೇ ಕಡೆ, ಬೋರ್ ನೀರು ಆಗ ತಾನೇ ಪಂಪಿಂದ ಹಿಡಿದದ್ದಾಗಿರಬೇಕು. ಯಾಕಂದ್ರೆ ನೆಲದೊಳಗೆ ಗಾಳಿ ತಾಗದೇ ಇರೋ ನೀರಲ್ಲಿ ಕಬ್ಬಿಣ ಕರಗಿರ್ತದೆ, ಕಾಣಲ್ಲ, ನೀರು ಕನ್ನಡಿ ಥರ ತಿಳಿ ಇರ್ತದೆ, ಬಾಯಿಗೆ ಮಾತ್ರ ಒಗರು, ಲೋಹದ ರುಚಿ. ಗಾಳಿ ತಾಗಿ ನಿಂತ ಮೇಲೆ ಅದೇ ಕಬ್ಬಿಣ ತುಕ್ಕಾಗಿ ಕೆಂಪು ಪುಡಿಯಾಗಿ ತಳಕ್ಕೆ ಇಳೀತದೆ, ಮೇಲಿನ ನೀರಲ್ಲಿ ಕರಗಿದ ಕಬ್ಬಿಣ ಕಮ್ಮಿ ಆಗ್ತದೆ. ಹಾಗಾಗಿ ರಾತ್ರಿ ಹಿಡಿದಿಟ್ಟ ನೀರು ಹಾಕಿ ಪರೀಕ್ಷೆ ಮಾಡಿದ್ರೆ ಹಸು ಚೆನ್ನಾಗೇ ಕುಡಿತದೆ, ನೀವು ಬೋರ್ ನೀರು ಸರಿ ಇದೆ ಅಂತ ತೀರ್ಮಾನ ಮಾಡ್ಬಿಡ್ತೀರಿ. ನಮ್ಮ ಕೇಸಲ್ಲಿ ಹೊಸ ಬೋರ್ ನೀರು 4 ಲೀಟರ್ ಕುಡೀತು, ಬಾವಿ ನೀರು 15 ಲೀಟರೂ ಖಾಲಿ. ಬದಿ ಬದಲಿಸಿದ್ರೂ ಹಾಗೇ. ಮೂರನೇ ಸಲ ಸಿಮೆಂಟ್ ತೊಟ್ಟೀಲಿ ಇಡೀ ರಾತ್ರಿ ನಿಂತ ಬೋರ್ ನೀರಿನ ಮೇಲ್ಭಾಗ ತೆಗೆದು ಕೊಟ್ರೆ 11 ಲೀಟರ್ ಹೋಯ್ತು. ಕಾಯಿಲೆನೂ ಔಷಧಿನೂ ಎರಡೂ ಅಲ್ಲೇ ಗೊತ್ತಾಯ್ತು.

ಕಬ್ಬಿಣಾನೇ ಹೌದಾ ಅಂತ ಖಾತ್ರಿಗೆ ಮನೇಲೇ ಒಂದು ದಾರಿ ಇದೆ. ಹಾಲು ಸಕ್ಕರೆ ಹಾಕದ ಗಟ್ಟಿ ಟೀ ಡಿಕಾಕ್ಷನ್ ಆರಿಸಿ, ಒಂದು ಗ್ಲಾಸಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಹೊಸ ಬೋರ್ ನೀರು ತಗೊಂಡು ಎರಡಕ್ಕೂ ಸಮ ಡಿಕಾಕ್ಷನ್ ಹಾಕಿ. ಕಬ್ಬಿಣ ಇದ್ರೆ ಬೋರ್ ನೀರಿನ ಗ್ಲಾಸು ಸ್ವಲ್ಪ ಹೊತ್ತಲ್ಲಿ ಕಪ್ಪು ನೀಲಿಗೆ ತಿರುಗ್ತದೆ. ಅಳಲೆಕಾಯಿ ತೇದ ನೀರಲ್ಲೂ ಹೀಗೇ ಆಗ್ತದೆ, ಹಿಂದೆ ಅಳಲೆಕಾಯಿ ಮತ್ತೆ ಕಬ್ಬಿಣ ಸೇರಿಸಿ ಬರೆಯೋ ಮಸಿ ಮಾಡ್ತಿದ್ದದ್ದು ಇದೇ ಗುಣದಿಂದ. ಆದ್ರೆ ಇದು ಇದೆಯೋ ಇಲ್ವೋ ಅಂತ ಹೇಳ್ತದೆ, ಎಷ್ಟಿದೆ ಅಂತ ಹೇಳಲ್ಲ. ಎಷ್ಟು ಅನ್ನೋಕೆ ಟೆಸ್ಟ್ ಕಿಟ್ ಬೇಕು, ಪಂಚಾಯ್ತಿಗಳಿಗೆ ಕುಡಿಯೋ ನೀರು ನೋಡೋಕೆ ಕೊಟ್ಟಿರೋ ಕಿಟ್ ಇರ್ತದೆ, ವಿಚಾರಿಸಿ. ಲ್ಯಾಬಿಗೆ ಕಳಿಸೋದಾದ್ರೆ ಪಂಪ್ ಹತ್ತು ನಿಮಿಷ ಓಡಿಸಿ ಬಾಟ್ಲಿ ಕುತ್ತಿಗೆ ತನಕ ಗಾಳಿ ಉಳಿಯದ ಹಾಗೆ ತುಂಬಿ ಅವತ್ತೇ ಮುಟ್ಟಿಸಿ, ಕೆಂಪು ಪುಡಿ ಬಾಟ್ಲಿ ಗೋಡೆಗೆ ಅಂಟ್ಕೊಂಡ್ರೆ ರಿಪೋರ್ಟಲ್ಲಿ ಕಮ್ಮಿ ತೋರಿಸ್ತದೆ. ಕಬ್ಬಿಣದ ಜೊತೆ ಪಿಎಚ್, ನೀರಲ್ಲಿ ಕರಗಿರೋ ಒಟ್ಟು ಲವಣ ಹೇಳೋ ಟಿಡಿಎಸ್, ನೈಟ್ರೇಟ್ ಕೂಡ ಬರೆಸಿ.

ಆ ಮನೆ ರಿಪೋರ್ಟಲ್ಲಿ ಲೀಟರಿಗೆ ಕಬ್ಬಿಣ 7 ಮಿಲಿಗ್ರಾಂ, ಪಿಎಚ್ 6.3, ಟಿಡಿಎಸ್ 160 ಬಂತು. ಟಿಡಿಎಸ್ 1000 ದೊಳಗೆ ಇದ್ರೆ ದನಕ್ಕೆ ಒಳ್ಳೆ ನೀರು ಅಂತಾನೇ ಲೆಕ್ಕ, 3000 ದಾಟಿದ್ರೆ ಬೇಡ ಅನ್ನೋಕೆ, ಭೇದಿ ಆಗೋಕೆ ಶುರು. ಅದ್ಕೇ ಬರೀ ಟಿಡಿಎಸ್ ಪೆನ್ ಅದ್ದಿ 160 ನೋಡಿ ನೀರು ಫಸ್ಟ್ ಕ್ಲಾಸ್ ಅಂದ್ರೆ ಮೋಸ ಹೋಗ್ತೀರಿ, 7 ಮಿಲಿಗ್ರಾಂ ಕಬ್ಬಿಣ ಅದ್ರಲ್ಲಿ ಲೆಕ್ಕಕ್ಕೇ ಸಿಗಲ್ಲ. ಮನುಷ್ಯರಿಗೆ 0.3 ಮಿಲಿಗ್ರಾಂ ದಾಟಿದ್ರೆ ರುಚಿ ಗೊತ್ತಾಗೋಕೆ ಶುರು ಆಗ್ತದೆ. ದನ 4 ತನಕ ಹೇಗೋ ಸಹಿಸ್ಕೊಳ್ತದೆ, 8 ರ ಹತ್ರ ಹೋದ್ರೆ ಕುಡಿಯೋದೇ ಕಮ್ಮಿ ಮಾಡ್ತದೆ. ರುಚಿ ಒಂದೇ ಅಲ್ಲ, ಕರಗಿದ ಕಬ್ಬಿಣ ಮೇವಿನ ಕಬ್ಬಿಣಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ, ತಾಮ್ರ ಮತ್ತೆ ಸತುವು ಮೈಗೆ ಸೇರೋಕೆ ಅಡ್ಡ ಬರ್ತದೆ. ತಿಂಗಳುಗಟ್ಟಲೆ ಹೀಗೇ ನಡೆದ್ರೆ ಕೂದಲಿನ ಬಣ್ಣ ಮಾಸ್ತದೆ, ಬೆದೆಗೆ ಸರಿಯಾಗಿ ಬರಲ್ಲ, ರೋಗ ತಡ್ಕೊಳ್ಳೋ ಶಕ್ತಿ ಕುಗ್ತದೆ. ಮಿನರಲ್ ಮಿಕ್ಸ್ಚರ್ ಹಾಕ್ತಿದ್ರೂ ಯಾಕೆ ಗಬ್ಬ ಕಟ್ಟಲ್ಲ ಅಂತ ಕೇಳೋರು ನೀರನ್ನೂ ಒಮ್ಮೆ ನೋಡ್ಸಬೇಕು.

ಸರಿ ಮಾಡಿದ್ದು

ದೊಡ್ಡ ಫಿಲ್ಟರ್ ಬೇಕಾಗ್ಲಿಲ್ಲ. 500 ಲೀಟರ್ ಟ್ಯಾಂಕಿನ ಬಾಯಿಗಿಂತ ನಾಲ್ಕು ಅಡಿ ಎತ್ತರಕ್ಕೆ ಬೋರ್ ಪೈಪ್ ಏರಿಸಿ ತುದಿಗೆ ಸ್ನಾನದ ಶವರ್ ಹಾಕಿದ್ರು, ನೀರು ಹನಿಹನಿಯಾಗಿ ಬೀಳೋವಾಗ ಗಾಳಿ ಚೆನ್ನಾಗಿ ತಾಗ್ತದೆ. ಸಂಜೆ ತುಂಬಿಸಿದ್ರೆ ರಾತ್ರಿ ಪೂರ್ತಿ ನಿಂತು ಕೆಂಪು ಪುಡಿ ತಳಕ್ಕೆ ಇಳೀತದೆ. ನೀರು ತೆಗೆಯೋ ನಲ್ಲಿ ತಳದಿಂದ ಒಂದು ಗೇಣು ಮೇಲೆ, ಕೆಸರು ಬಿಡೋಕೆ ಇನ್ನೊಂದು ನಲ್ಲಿ ತಳದಲ್ಲೇ. ಮೇಲಿನ ನಲ್ಲಿಯಿಂದ 200 ಲೀಟರ್ ಡ್ರಮ್ಮಿಗೆ, ಅದ್ರಲ್ಲಿ ಕೆಳಗೆ ಅರ್ಧ ಅಡಿ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ಒಂದೂವರೆ ಅಡಿ ತೊಳೆದ ಹೊಳೆ ಮರಳು. ಅಲ್ಲಿಂದ ಬಾನಿಗೆ. ಡ್ರಮ್ ಮಾತ್ರ ಬೋರ್ಡೋ ಕಲಸಿದ್ದು, ಗೊಬ್ಬರ ಔಷಧಿ ಇಟ್ಟಿದ್ದು ಬೇಡವೇ ಬೇಡ, ಎಷ್ಟು ತೊಳೆದ್ರೂ ಬೇಡ.

ಮೊದ್ಲ ದಿನ ಬೆಳಿಗ್ಗೆ ಟೀ ಪರೀಕ್ಷೆ ಮಾಡಿದ್ರೆ ಇನ್ನೂ ಸ್ವಲ್ಪ ಕಪ್ಪಾಯ್ತು. ಕಾರಣ ಪಿಎಚ್, ನೀರು ಹುಳಿ ಗುಣದ್ದಾದ್ರೆ ಕಬ್ಬಿಣ ತುಕ್ಕಾಗೋದು ತುಂಬಾ ನಿಧಾನ. ಶವರಲ್ಲಿ ಬಿದ್ದ ಮೇಲೆ ಪಿಎಚ್ ಸ್ವಲ್ಪ ಏರ್ತದೆ, ಇಲ್ಲಿ 6.7 ತನಕ ಬಂದಿತ್ತು, ಸಾಲದು. ಹಾಗಾಗಿ ಬಕೆಟಲ್ಲಿ ಸುಣ್ಣ ಕದಡಿ, ತಿಳಿಯಾದ ಮೇಲಿನ ನೀರು ಮಾತ್ರ ಹತ್ತು ಲೀಟರ್ ಟ್ಯಾಂಕ್ ತುಂಬೋವಾಗ ಸೇರಿಸಿ, ಪಿಎಚ್ ಪಟ್ಟಿ ಅದ್ದಿ ನೋಡಿದ್ರು, 7 ರಿಂದ 7.5 ರ ನಡುವೆ ಬಂತು. ಅಷ್ಟಕ್ಕೆ ನಿಲ್ಸಿ, ಸುಣ್ಣ ಜಾಸ್ತಿ ಆದ್ರೆ ಹಸು ಅದಕ್ಕೂ ಮೂಗು ಮುರೀತದೆ. ಮಾರನೇ ಬೆಳಿಗ್ಗೆ ಟೀ ಬಣ್ಣ ಬಾವಿ ನೀರಿನ ಹಾಗೇ ಇತ್ತು.

ನಾಲ್ಕೈದು ದಿನದಲ್ಲಿ ಕುಡಿಯೋದು 48 ಲೀಟರ್ ಮುಟ್ತು, ಕಲಗಚ್ಚು ಸೇರಿ. ಸಗಣಿ ಮೆತ್ತಗಾಯ್ತು, ಉಳಿಸ್ತಿದ್ದ ಒಣ ಹುಲ್ಲು ಖಾಲಿ ಮಾಡೋಕೆ ಶುರು ಮಾಡ್ತು, ಎರಡು ವಾರದೊಳಗೆ ಹಾಲು ಹತ್ತಕ್ಕೆ ಹತ್ರ ಬಂದು ನಿಂತ್ಕೊಂತು. 11 ಬರ್ಲಿಲ್ಲ, ಬರೋದೂ ಇಲ್ಲ, ಕರು ಹಾಕಿ ಮೂರು ತಿಂಗಳು ಕಳೆದಿತ್ತಲ್ಲ. ಕುಡಿಯೋದು ಏರಿದ್ಮೇಲೂ ಹಾಲು ಒಂಚೂರೂ ಅಲುಗಲಿಲ್ಲ ಅಂದ್ರೆ ಮಾತ್ರ ದೋಷ ಬೇರೆ ಕಡೆ ಇದೆ, ಆವಾಗ ಮೇವು, ಕೆಚ್ಚಲು, ಹುಳ ನೋಡಿ.

ಕರುಗಳ ವಿಚಾರ ಬೇರೆ

ಅದೇ ಕೊಟ್ಟಿಗೇಲಿ ಕರು ಎರಡೂವರೆ ತಿಂಗಳದ್ದು, ಹೊಟ್ಟೆ ಜೋಲು, ಬೆನ್ನು ಸಪೂರ. ಹಾಲು ಕುಡಿತದಲ್ಲ, ಅದಕ್ಕೆ ನೀರು ಯಾಕೆ ಅಂತ ಇಟ್ಟೇ ಇರಲಿಲ್ಲ. ಕರು ಕುಡಿದ ಹಾಲು ದೊಡ್ಡ ಹೊಟ್ಟೆಗೆ ಹೋಗಲ್ಲ, ಪಕ್ಕದ ದಾರೀಲಿ ನೇರ ನಾಲ್ಕನೇ ಹೊಟ್ಟೆಗೆ ಹೋಗ್ತದೆ. ಬರೀ ನೀರು ಕುಡಿದ್ರೆ ಮಾತ್ರ ದೊಡ್ಡ ಹೊಟ್ಟೆಗೆ ಸೇರ್ತದೆ, ಅಲ್ಲಿ ನೀರಿಲ್ಲ ಅಂದ್ರೆ ತಿಂದ ಹಿಂಡಿ ಹುಲ್ಲು ಕೊಳೆತು ಜೀರ್ಣ ಆಗೋಕೆ ಬೇಕಾದ ಸೂಕ್ಷ್ಮಜೀವಿಗಳು ಬೆಳೆಯಲ್ಲ, ಮೈ ಹಿಡಿಯಲ್ಲ. ಮೊದಲ ವಾರದಿಂದಾನೇ ಸಣ್ಣ ಬಕೆಟಲ್ಲಿ ಶುದ್ಧ ನೀರು ಇಡಬೇಕು, ಎರಡು ತಿಂಗಳಿಗೆ ದಿನಕ್ಕೆ ನಾಲ್ಕೈದು ಲೀಟರ್ ಹಾಲು ಬಿಟ್ಟು ಕುಡಿತದೆ.

ಕರುಗಳಿಗೆ ಕಬ್ಬಿಣಕ್ಕಿಂತ ಅಪಾಯ ಮಳೆಗಾಲದಲ್ಲಿ ಸಗಣಿ ಗುಂಡಿ ನೀರು ಹರಿದು ಸೇರೋ ಬಾವಿ. ಜೂನ್ ಜುಲೈನಲ್ಲಿ ನೀರು ಕುಡಿದ ಎಲ್ಲಾ ಕರುಗೂ ಒಟ್ಟಿಗೆ ಭೇದಿ ಶುರು ಆದ್ರೆ ಬಾವಿ ಕಟ್ಟೆ ಸುತ್ತ ನಡೆದು ನೋಡಿ, ಗುಂಡಿ ಬಾವಿಗಿಂತ ಎತ್ತರದಲ್ಲಿದ್ಯಾ, ಕಟ್ಟೆ ಬಿರುಕು ಬಿಟ್ಟಿದ್ಯಾ. ಇದ್ರೆ ಟ್ಯಾಂಕಿಗೆ ನೀರು ತುಂಬಿದ ಮೇಲೆ 1000 ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ತಿಳಿ ಹಾಕಿ, ಅರ್ಧ ಗಂಟೆ ಬಿಟ್ಟು ಕೊಡಿ. ಪೌಡರ್ ಹಳೇದಾಗಿ ವಾಸನೆ ಹೋಗಿದ್ರೆ ಕೆಲಸ ಮಾಡಲ್ಲ, ನೀರು ಕದಡಿದ್ರೂ ಅಷ್ಟು ಸಾಲಲ್ಲ, ಮೊದ್ಲು ಮರಳು ಡ್ರಮ್ಮಲ್ಲಿ ಸೋಸಿ ಆಮೇಲೆ ಹಾಕಬೇಕು.

ಮರಳು ಡ್ರಮ್ಮಿನ ಮೇಲಿನ ಒಂದಿಂಚು ಮರಳನ್ನ ವಾರಕ್ಕೊಮ್ಮೆ ತೆಗೆದು ತೊಳೆದು ಹಾಕಿ, ಟ್ಯಾಂಕಿನ ತಳದ ನಲ್ಲಿ ಎರಡು ದಿನಕ್ಕೊಮ್ಮೆ ಬಿಟ್ಟು ಕೆಂಪು ಕೆಸರು ಹೋಗ್ಲಿ. ಆ ನೀರು ಅಡಿಕೆ ಮರದ ಬುಡಕ್ಕೆ ಬಿಟ್ರೆ ಏನೂ ತೊಂದ್ರೆ ಇಲ್ಲ.